ಐದು ವರ್ಷದ ಬಡ್ಡಿ ಎಲ್ಲಿ ಹೋಯಿತು?

ಮೈಸೂರಿನಿಂದ ಬಂದಿದ್ದ ಅಜ್ಜಿ ಮೊಮ್ಮಗಳ ಕಾಲೇಜಿಗೆಂದು ಒಂದು ಲಕ್ಷ ರೂಪಾಯಿ ಕೊಟ್ಟು ಹೋದರು. ಮಗಳಿಗೆ ಈಗ ಹದಿಮೂರು. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಮನೆಯ ಹತ್ತಿರದ ಬ್ಯಾಂಕಿನಲ್ಲಿ ಅವಳ ಹೆಸರಿಗೆ ಐದು ವರ್ಷದ ಎಫ್‌ಡಿ ಮಾಡಿಸಿದರೆ ಶೇ 7 ಬಡ್ಡಿ ಎಂದರು. ಲೆಕ್ಕ ಹಾಕಲು ನಾವಿಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡೆವು.

“ವರ್ಷಕ್ಕೆ ಏಳು ಸಾವಿರ, ಐದು ವರ್ಷಕ್ಕೆ ಮೂವತ್ತೈದು. ಅಷ್ಟೇ ತಾನೆ ಅಮ್ಮಾ?”

ಅದು ಸರಳಬಡ್ಡಿ. ಬ್ಯಾಂಕು ಎಫ್‌ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಮೊದಲ ಮೂರು ತಿಂಗಳಿಗೆ ಸಿಗುವುದು 1,750 ರೂಪಾಯಿ. ಮುಂದಿನ ಮೂರು ತಿಂಗಳಲ್ಲಿ ಬಡ್ಡಿ ಹತ್ತುವುದು 1,01,750ಕ್ಕೆ, ಹಾಗಾಗಿ 1,781 ಬರುತ್ತದೆ. ಹೆಚ್ಚಾದದ್ದು ಬರೀ 31 ರೂಪಾಯಿ. ಆದರೆ ಇದೇ ಇಪ್ಪತ್ತು ಸಲ ನಡೆದಾಗ ಕೈಗೆ ಬರುವುದು 1,41,478. ಚಕ್ರಬಡ್ಡಿಯಿಂದ ಆರೂವರೆ ಸಾವಿರದಷ್ಟು ಹೆಚ್ಚು ಸಿಕ್ಕಿತು.

ಇಲ್ಲೊಂದು ಎಚ್ಚರ ಬೇಕು. ಅರ್ಜಿಯಲ್ಲಿ ‘ಮೂರು ತಿಂಗಳಿಗೊಮ್ಮೆ ಬಡ್ಡಿ ಪಾವತಿ’ ಎಂಬಲ್ಲಿ ಗುರುತು ಹಾಕಿದರೆ ಬಡ್ಡಿ ಉಳಿತಾಯ ಖಾತೆಗೆ ಹೋಗಿ ಬೀಳುತ್ತದೆ, ಅಸಲು ಬೆಳೆಯುವುದಿಲ್ಲ. ರಸೀದಿಯಲ್ಲಿ ಅವಧಿ ಮುಗಿದಾಗಿನ ಮೊತ್ತ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಒಂದು ಲಕ್ಷವೇ ಇದ್ದರೆ ಚಕ್ರಬಡ್ಡಿ ಇಲ್ಲ.

“ಹಾಗಾದ್ರೆ ನಲವತ್ತೊಂದು ಸಾವಿರ ಲಾಭ!”

ಐದು ವರ್ಷ ಬೆಲೆಗಳೂ ನಿಂತಿರಬೇಕಲ್ಲ. ರಿಸರ್ವ್ ಬ್ಯಾಂಕಿನ ಗುರಿ ಶೇ 4ರ ಹಣದುಬ್ಬರ, ಅದು 2ರಿಂದ 6ರ ನಡುವೆ ಇರಬಹುದು. ನಾವು 5 ಎಂದಿಟ್ಟುಕೊಂಡೆವು. ಇವತ್ತು 100 ರೂಪಾಯಿಯ ಸಾಮಾನು ಮುಂದಿನ ವರ್ಷ 105, ಅದರ ಮುಂದಿನ ವರ್ಷ 110 ರೂಪಾಯಿ 25 ಪೈಸೆ. ಏರಿದ ಬೆಲೆಯ ಮೇಲೇ ಮತ್ತೆ ಏರುತ್ತದೆ, ಅಂದರೆ ಹಣದುಬ್ಬರವೂ ಚಕ್ರಬಡ್ಡಿಯ ಹಾಗೇ ಬೆಳೆಯುವುದು. ಐದು ವರ್ಷಕ್ಕೆ ಆ ಸಾಮಾನು ಸುಮಾರು 127 ರೂಪಾಯಿ 63 ಪೈಸೆ. ನಮ್ಮ 1,41,478ನ್ನು 1.2763ರಿಂದ ಭಾಗಿಸಿದರೆ ಇವತ್ತಿನ ಲೆಕ್ಕದಲ್ಲಿ 1,10,850 ರೂಪಾಯಿಯಷ್ಟೇ.

ಅವಳ ಮುಖ ಸಣ್ಣದಾಯಿತು. “ಹತ್ತು ಸಾವಿರ ಚಿಲ್ಲರೆ ಆದ್ರೂ ಉಳೀತಲ್ಲ?”

ತೆರಿಗೆಯ ಮಾತು ಇನ್ನೂ ಬಂದಿರಲಿಲ್ಲ. ಹದಿನೆಂಟು ತುಂಬದ ಮಕ್ಕಳ ಬಡ್ಡಿಯನ್ನು ತಂದೆತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರಿಸಬೇಕು. ಅಜ್ಜಿ ಕೊಟ್ಟ ದುಡ್ಡಾದರೂ ಅಷ್ಟೇ. ನಮ್ಮ ಮನೆಯಲ್ಲಿ ಅದು ಶೇ 30ರ ಹಂತಕ್ಕೆ ಬರುತ್ತದೆ, ಸೆಸ್ ಸೇರಿ 31.2. ಆಗ ಶೇ 7ರ ಬಡ್ಡಿಯಲ್ಲಿ ಉಳಿಯುವುದು 4.8 ಮಾತ್ರ. ತೆರಿಗೆ ಕಳೆದು ಐದು ವರ್ಷಕ್ಕೆ ಸುಮಾರು 1,27,000. ಹಣದುಬ್ಬರ ಕಳೆದರೆ 99,500.

“ಐದು ವರ್ಷ ಇಟ್ರೂ ಅಷ್ಟೇ ದುಡ್ಡಾ!” ಎಂದಳು. ಅಷ್ಟೂ ಇಲ್ಲ, ಐನೂರು ಕಡಿಮೆ. ಹಾಗೆಂದು ಎಫ್‌ಡಿ ಮೋಸವಲ್ಲ. ಉಳಿತಾಯ ಖಾತೆಯಲ್ಲಿ ಶೇ 2.5ಕ್ಕೆ ಬಿಟ್ಟಿದ್ದರೆ ತೆರಿಗೆಗೆ ಮೊದಲೇ ಅದರ ಬೆಲೆ 89 ಸಾವಿರದ ಒಳಗೆ ಇಳಿಯುತ್ತಿತ್ತು. ಐದೇ ವರ್ಷಕ್ಕೆ ಬೇಕಾಗುವ ಹಣವನ್ನು ಕರಗದಂತೆ ಕಾಯುವುದೇ ಎಫ್‌ಡಿಯ ಕೆಲಸ, ನಾನು ಅದರಿಂದ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ನಮ್ಮ ಅಳತೆಗೋಲೂ ಮಾರುಕಟ್ಟೆಯ ಸರಾಸರಿಯಲ್ಲ, ಕಾಲೇಜಿನ ಫೀಸು. ಅದು ವರ್ಷಕ್ಕೆ ಶೇ 8ರಂತೆ ಏರಿದರೆ ಈ ದುಡ್ಡು ಇನ್ನೂ ಹಿಂದೆ ಬೀಳುತ್ತದೆ.

“ಹಣದುಬ್ಬರಕ್ಕಿಂತ ಜಾಸ್ತಿ ಬೆಳೆಯೋದು ಯಾವುದೂ ಇಲ್ವಾ?”

ಕಾಯಬಲ್ಲ ಹಣಕ್ಕೆ ಪಿಪಿಎಫ್ ಇದೆ. ಅದರ ಬಡ್ಡಿಗೆ ತೆರಿಗೆಯಿಲ್ಲ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿದದ್ದು ಹಲವು ವರ್ಷ ಅಲ್ಲೇ ನಿಂತಿದೆ. ಅದೇ ದರ ಮುಂದುವರಿದರೆ 50,000 ರೂಪಾಯಿ ಹದಿನೈದು ವರ್ಷಕ್ಕೆ 1,39,900. ಶೇ 5ರ ಹಣದುಬ್ಬರ ಕಳೆದರೂ ಇವತ್ತಿನ 67,000ಕ್ಕೆ ಸಮ. ಆದರೆ ಏಳನೇ ಹಣಕಾಸು ವರ್ಷದವರೆಗೆ ಭಾಗಶಃ ಹಣ ತೆಗೆಯುವಂತಿಲ್ಲ, ಖಾತೆ ಚಾಲ್ತಿಯಲ್ಲಿರಲು ವರ್ಷಕ್ಕೆ ಕನಿಷ್ಠ 500 ಕಟ್ಟಬೇಕು. ಮಗುವಿನ ಖಾತೆಯೂ ಪೋಷಕರದೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಿದೆ.

ಕೊನೆಗೆ ಅರ್ಧ ಎಫ್‌ಡಿ, ಅರ್ಧ ಪಿಪಿಎಫ್ ಎಂದು ಅವಳೇ ತೀರ್ಮಾನಿಸಿದಳು. ಎಫ್‌ಡಿಯ ತೆರಿಗೆ ನಾವು ಕಟ್ಟುತ್ತೇವೆ. ಪಿಪಿಎಫ್‌ಗೆ ದುಡ್ಡು ತಿಂಗಳ ಐದನೇ ತಾರೀಕಿನೊಳಗೆ ಕಟ್ಟಬೇಕು, ಏಕೆಂದರೆ ಐದರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೇ ಬಡ್ಡಿ. ಆರಕ್ಕೆ ಕಟ್ಟಿದರೆ ಆ ತಿಂಗಳ ಸುಮಾರು 296 ರೂಪಾಯಿ ಹೋಯಿತು.