ಅಧಿಕ ಒತ್ತಡದಲ್ಲಿ ಅನಿಲದ ಗಾತ್ರ: ಒಂದು ಸಿಲಿಂಡರಿನ ಲೆಕ್ಕ

ತುಮಕೂರು ನಗರದಲ್ಲಿ ಸಿ.ಎನ್.ಜಿ. ತುಂಬಿಸಿಕೊಂಡು ಗುಬ್ಬಿ, ಕುಣಿಗಲ್‌ಗಳ ಕಡೆಗೆ ಸಾಗುವ ವಾಹನವೊಂದರಲ್ಲಿ 60 ಲೀಟರ್ ನೀರು ಹಿಡಿಯುವ ಸಿಲಿಂಡರ್ ಇದೆಯೆಂದು ಭಾವಿಸೋಣ. ತಾಪ 300 ಕೆಲ್ವಿನ್, ಎಂದರೆ 27 ಡಿಗ್ರಿ ಸೆಲ್ಸಿಯಸ್. ಒತ್ತಡ 200 ಬಾರ್. PV = nRT ಎಂಬ ಆದರ್ಶ ಅನಿಲದ ಸೂತ್ರದಂತೆ ಅದರಲ್ಲಿ 7.7 ಕಿಲೋಗ್ರಾಂ ಮೀಥೇನ್ ಇರಬೇಕು. ಆದರೆ ಬರಿದಾಗಿದ್ದ ಸಿಲಿಂಡರಿಗೆ ಬಂಕಿನ ಮಾಪಕವು 9 ಕಿಲೋಗ್ರಾಂಗಿಂತ ಹೆಚ್ಚು ತೋರಿಸಬಹುದು. ಹಣ ಕೊಡುವುದು ತೂಕಕ್ಕೆ. ಆದುದರಿಂದ ಮಾಪಕವನ್ನು ಶಂಕಿಸುವ ಮೊದಲು ಸೂತ್ರವನ್ನೇ ಪರೀಕ್ಷಿಸಬೇಕಾಗುತ್ತದೆ.

ಆದರ್ಶ ಅನಿಲದ ಅಣುಗಳಿಗೆ ಗಾತ್ರವಿಲ್ಲ, ಪರಸ್ಪರ ಆಕರ್ಷಣೆಯೂ ಇಲ್ಲ. ನಿಜವಾದ ಮೀಥೇನ್ ಅಣುಗಳು 200 ಬಾರ್ ಒತ್ತಡದಲ್ಲಿ ಒಂದಕ್ಕೊಂದು ತೀರ ಸಮೀಪವಾಗಿದ್ದು, ಆಕರ್ಷಣೆಯಿಂದ ಕಡಿಮೆ ಸ್ಥಳದಲ್ಲಿ ಅಡಕವಾಗುತ್ತವೆ. ನಿಜವಾದ ಗಾತ್ರವನ್ನು ಆದರ್ಶ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಸಂಪೀಡ್ಯತಾ ಗುಣಾಂಕ; ಇದನ್ನು Z ಎಂದು ಬರೆಯುತ್ತಾರೆ.

ಪ್ರತಿಯೊಂದು ಅನಿಲಕ್ಕೂ ಬೇರೆ ಬೇರೆ ನಕ್ಷೆ ಬೇಕೆ? ಬೇಡವೆಂಬುದನ್ನು ವಾನ್ ಡರ್ ವಾಲ್ಸ್ 1880ರಲ್ಲಿ ತೋರಿಸಿದನು. ಯಾವ ತಾಪದ ಮೇಲೆ ಅನಿಲವು ಎಷ್ಟು ಒತ್ತಿದರೂ ದ್ರವವಾಗದೋ ಅದು ಆ ಅನಿಲದ ಕ್ರಾಂತಿಕ ತಾಪ. ಆ ತಾಪದಲ್ಲಿ ದ್ರವೀಕರಣಕ್ಕೆ ಬೇಕಾದ ಒತ್ತಡ ಕ್ರಾಂತಿಕ ಒತ್ತಡ. ಇರುವ ತಾಪ, ಒತ್ತಡಗಳನ್ನು ಇವುಗಳಿಂದ ಭಾಗಿಸಿದ ಭಾಗಲಬ್ಧಗಳು ಎರಡು ಅನಿಲಗಳಿಗೆ ಸಮವಾಗಿದ್ದರೆ, ಅವುಗಳ Z ಕೂಡ ಹೆಚ್ಚುಕಡಿಮೆ ಸಮವಾಗಿರುತ್ತದೆ. ಇದೇ ಅನುರೂಪ ಸ್ಥಿತಿಗಳ ನಿಯಮ.

ಮೀಥೇನಿನ ಕ್ರಾಂತಿಕ ತಾಪ 190.6 ಕೆಲ್ವಿನ್, ಕ್ರಾಂತಿಕ ಒತ್ತಡ 46 ಬಾರ್. ಹೀಗಾಗಿ ತಾಪದ ಭಾಗಲಬ್ಧ 1.57, ಒತ್ತಡದ್ದು 4.35. ನಕ್ಷೆಯ ಅಡ್ಡರೇಖೆಯಲ್ಲಿ 4.35ನ್ನು ಗುರುತಿಸಿ, ನೇರವಾಗಿ ಮೇಲೇರಿ, 1.5 ಮತ್ತು 1.6ರ ವಕ್ರರೇಖೆಗಳ ನಡುವೆ ನಿಂತು ಎಡಕ್ಕೆ ನೋಡಿದರೆ Z ಸುಮಾರು 0.83 ಎಂದು ತಿಳಿಯುತ್ತದೆ. 7.7ನ್ನು 0.83ರಿಂದ ಭಾಗಿಸಿದರೆ 9.3 ಕಿಲೋಗ್ರಾಂ. ಇಷ್ಟೇ ಅನಿಲಕ್ಕೆ ಆದರ್ಶ ಸೂತ್ರವು 72 ಲೀಟರ್ ಸ್ಥಳವನ್ನು ಕೇಳುತ್ತಿತ್ತು. ಮಾಪಕ ತಪ್ಪಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವೇಗವಾಗಿ ತುಂಬುವಾಗ ಸಿಲಿಂಡರಿನೊಳಗಿನ ಅನಿಲ ಬಿಸಿಯಾಗುತ್ತದೆ. ತಾಪ 330 ಕೆಲ್ವಿನ್‌ಗೆ ಏರಿದ್ದರೆ Z ಸುಮಾರು 0.89 ಆಗಿ, ಅದೇ 200 ಬಾರ್‌ನಲ್ಲಿ 7.9 ಕಿಲೋಗ್ರಾಂ ಮಾತ್ರ ಹಿಡಿಯುತ್ತದೆ. ತಣಿದ ಮೇಲೆ ಒತ್ತಡ ಇಳಿದಿರುವುದು ಸೋರಿಕೆಯಿಂದಲೇ ಎನ್ನಲಾಗದು. ತಣಿದ ನಂತರವೂ ಇಳಿಯುತ್ತಲೇ ಹೋದರೆ ಮಾತ್ರ ಸೋರಿಕೆಯನ್ನು ಶಂಕಿಸಬೇಕು.

ನೈಸರ್ಗಿಕ ಅನಿಲದಲ್ಲಿ ಮೀಥೇನಿನೊಡನೆ ಈಥೇನ್ ಮೊದಲಾದವೂ ಬೆರೆತಿರುವುದರಿಂದ, ಅವುಗಳ ಪ್ರಮಾಣಕ್ಕೆ ತಕ್ಕಂತೆ ಕ್ರಾಂತಿಕ ಬೆಲೆಗಳ ಸರಾಸರಿ ತೆಗೆದುಕೊಳ್ಳುವುದು ಲೇಸು. ಜಲಜನಕಕ್ಕೂ ಅಮೋನಿಯಕ್ಕೂ ಈ ಸಾಮಾನ್ಯ ನಕ್ಷೆ ಅಷ್ಟಾಗಿ ಒಪ್ಪುವುದಿಲ್ಲ. ಒಪ್ಪುವೆಡೆಯಲ್ಲಿಯೂ ಶೇಕಡ ಕೆಲವು ಅಂಶಗಳ ದೋಷ ಉಳಿಯುತ್ತದೆ. ಆದುದರಿಂದ ನಕ್ಷೆ ಅಂದಾಜಿಗೆ, ತೂಕಕ್ಕೆ ಮಾಪಕ.