ಕತ್ತಲೆಯಲ್ಲಿ ಓಡುವವರಿಗೆ ಸುರಕ್ಷತೆಯ ಪಾಠ

ಘಟಪ್ರಭಾ ಪರಿಸರದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹೊಲದ ಕೆಲಸವಿರುವ ದಂಪತಿಗಳಿಗೆ ಓಡಲು ಬಿಡುವು ದೊರೆಯುವುದು ಬೆಳಗಿನ ಜಾವ ಅಥವಾ ಸಂಜೆ ಕತ್ತಲಾದ ಮೇಲೆ. ಆ ಹೊತ್ತಿನಲ್ಲಿ ಮುಖ್ಯ ಅಪಾಯವೆಂದರೆ ವಾಹನ ಚಾಲಕನಿಗೆ ನಾವು ಕಾಣದಿರುವುದು.

ಕಾಣಬೇಕಾದ ದೂರ

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ನಮ್ಮನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ ವಾಹನವು 25 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಅದು ನಿಲ್ಲಲು ಮತ್ತೆ 20 ಮೀಟರ್ ಬೇಕು. ಆದುದರಿಂದ ಕನಿಷ್ಠ 45 ಮೀಟರ್ ದೂರದಿಂದಲೇ ನಾವು ಕಾಣಬೇಕು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆಯವರು ಅನೇಕ ವೇಳೆ 30 ಮೀಟರ್ ಸಮೀಪಕ್ಕೆ ಬರುವವರೆಗೂ ಕಾಣುವುದಿಲ್ಲ.

ಹೊಳೆಯುವ ಪಟ್ಟಿ

ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪಟ್ಟಿಯನ್ನು ಎದೆ ಮತ್ತು ಬೆನ್ನಿನ ಮೇಲಲ್ಲದೆ ಎರಡೂ ಕಣಕಾಲುಗಳಿಗೂ ಕಟ್ಟಬೇಕು. ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡೊಡನೆ ಚಾಲಕನು ಅದು ಮನುಷ್ಯನೆಂದು ಗುರುತಿಸುತ್ತಾನೆ. ಅಲುಗಾಡದ ಹೊಳಪನ್ನು ಮೈಲಿಗಲ್ಲೆಂದು ಭಾವಿಸಬಹುದು. ಸೀರೆ ಅಥವಾ ಸಲ್ವಾರು ಪಟ್ಟಿಯನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಪಟ್ಟಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಬ್ಬರು ಪಟ್ಟಿ ಕಟ್ಟಿಕೊಂಡು ನೂರು ಹೆಜ್ಜೆ ದೂರದಲ್ಲಿ ನಿಲ್ಲಲಿ. ಇನ್ನೊಬ್ಬರು ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಡಲಿ. ಪಟ್ಟಿ ಥಟ್ಟನೆ ಹೊಳೆಯದಿದ್ದರೆ, ಒಗೆದು ಒಗೆದು ಅದರ ಲೇಪ ಸವೆದಿದೆಯೆಂದು ತಿಳಿದು ಬದಲಾಯಿಸಬೇಕು.

ದೀಪ

ಮುಂದೀಪವಿಲ್ಲದ ವಾಹನದ ಎದುರು ಪಟ್ಟಿಯು ನಿರುಪಯುಕ್ತ. ಆದುದರಿಂದ ಸ್ವಂತ ದೀಪವೂ ಬೇಕು. ಸುಮಾರು 200 ಲ್ಯೂಮೆನ್‌ನ ದೀಪ ಸಾಕು. ಹಣೆಯ ದೀಪವು ಕಣ್ಣಿನ ಸಮೀಪದಲ್ಲಿರುವುದರಿಂದ ತಗ್ಗುಗಳ ನೆರಳು ಕಾಣದೆ ನೆಲವು ಸಮತಟ್ಟಾಗಿ ತೋರುತ್ತದೆ. ಅದೇ ದೀಪವನ್ನು ಸೊಂಟಕ್ಕೆ ಕಟ್ಟಿದರೆ ತಗ್ಗು ದಿನ್ನೆಗಳ ನೆರಳು ಸ್ಪಷ್ಟವಾಗುತ್ತದೆ, ಮಂಜಿನಲ್ಲಿಯೂ ಕಣ್ಣು ಕುಕ್ಕುವುದು ಕಡಿಮೆ. ಬೆಳಕು ಐದಾರು ಮೀಟರ್ ಮುಂದೆ ನೆಲದ ಮೇಲೆ ಬೀಳಬೇಕು. ಬೆನ್ನಿಗೆ ಒಂದು ಕೆಂಪು ದೀಪವಿರಲಿ.

ದಾರಿ

ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಸಾಗುತ್ತವೆ. ಕೆಲವು ಟ್ರ್ಯಾಲಿಗಳಿಗೆ ಹಿಂದೀಪವಿರುವುದಿಲ್ಲ. ಹೇರಿದ ಕಬ್ಬು ಪಕ್ಕಕ್ಕೂ ಚಾಚಿರುತ್ತದೆ. ಆ ತಿಂಗಳುಗಳಲ್ಲಿ ಕಾರ್ಖಾನೆಯ ರಸ್ತೆಯನ್ನು ಬಿಡುವುದೇ ಲೇಸು. ಕಾಲುವೆಯ ಏರಿಯ ಮೇಲೆ ವಾಹನ ವಿರಳವಾದರೂ ಅಂಚು ಕುಸಿದಿರಬಹುದು, ಹುಲ್ಲಿನಲ್ಲಿ ಕೊಳಕುಮಂಡಲ ಹಾವಿರಬಹುದು. ಶಾಲೆಯ ಬಯಲು, ಅಥವಾ ಹಗಲಿನಲ್ಲಿ ನಡೆದು ತಗ್ಗುಗಳನ್ನು ಗುರುತಿಸಿಕೊಂಡ ಒಂದು ಕಿಲೋಮೀಟರ್ ದಾರಿಯಲ್ಲಿ ಹಲವು ಸುತ್ತು ಓಡುವುದು ಉತ್ತಮ.

ರಸ್ತೆಯೇ ಅನಿವಾರ್ಯವಾದರೆ, ಎದುರು ಬರುವ ವಾಹನ ಕಾಣುವಂತೆ ಬಲ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ಓಡಬೇಕು. ಆದರೆ ಹಿಂದಿನಿಂದ ಬರುವ ವಾಹನವು ಇನ್ನೊಂದನ್ನು ದಾಟುವಾಗ ಬಲಕ್ಕೇ ಬರುತ್ತದೆ. ಆದುದರಿಂದ ಹಿಂದಿನ ಸದ್ದಿಗೂ ಕಿವಿ ತೆರೆದಿರಬೇಕು. ಕಿವಿಯಲ್ಲಿ ಹಾಡು ಕೂಡದು. ಎದುರಿನ ದೀಪ ಕಣ್ಣು ಕುಕ್ಕಿದಾಗ ಓಟ ನಿಲ್ಲಿಸಿ, ರಸ್ತೆಯಿಂದ ಕೆಳಗಿಳಿದು, ವಾಹನ ದಾಟಿದ ಮೇಲೆ ಮುಂದುವರಿಯತಕ್ಕದ್ದು.