ಬಹುಮತ ಯಾರಿಗೆ? ಎರಡೇ ಚೀಟಿಯಲ್ಲಿ ಲೆಕ್ಕ

*ಪ್ರಶ್ನೆ: ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಬಂದಿರುವುದನ್ನು ಹುಡುಕಲು ‘ಮತದಾನ’ದ ವಿಧಾನ ಸಾಕು ಎನ್ನುತ್ತಾರೆ. ಹಾಗಿದ್ದರೆ ಕೊನೆಗೆ ಮತ್ತೊಮ್ಮೆ ಎಣಿಸುವುದೇಕೆ? – ಓದುಗರೊಬ್ಬರು, ಯಲಹಂಕ*

ನಿಮ್ಮ ಊರಿನಿಂದಲೇ ಶುರು ಮಾಡೋಣ. 2018ರ ಮೇ 15ರಂದು ವಿಧಾನಸಭಾ ಚುನಾವಣೆಯ ಮತ ಎಣಿಕೆ ನಡೆಯಿತು. ಕ್ಷೇತ್ರ ಸಂಖ್ಯೆಯ ಕ್ರಮದಲ್ಲಿ ಗೆದ್ದ ಪಕ್ಷಗಳು ಹೀಗಿದ್ದವು: ಯಲಹಂಕ ಬಿಜೆಪಿ; ಕೆ.ಆರ್. ಪುರ, ಬ್ಯಾಟರಾಯನಪುರ, ಯಶವಂತಪುರ ಮೂರೂ ಕಾಂಗ್ರೆಸ್; ದಾಸರಹಳ್ಳಿ, ಮಹಾಲಕ್ಷ್ಮಿ ಲೇಔಟ್ ಜೆಡಿಎಸ್; ಮಲ್ಲೇಶ್ವರ ಬಿಜೆಪಿ. ನಡುವಿನ ರಾಜರಾಜೇಶ್ವರಿನಗರದ ಮತದಾನವನ್ನು ಮುಂದೂಡಲಾಗಿತ್ತು, ಅದನ್ನು ಬಿಡೋಣ.

1981ರಲ್ಲಿ ಬಾಯರ್ ಮತ್ತು ಮೂರ್ ರೂಪಿಸಿದ ‘ಮತದಾನ’ದ ವಿಧಾನಕ್ಕೆ ಎರಡೇ ಚೀಟಿ ಸಾಕು: ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಎಣಿಕೆ. ಎಣಿಕೆ ಸೊನ್ನೆಯಿದ್ದರೆ ಈಗ ಬಂದ ಹೆಸರು ಬರೆದು 1 ಎನ್ನಿ. ಅದೇ ಹೆಸರು ಬಂದರೆ ಒಂದು ಕೂಡಿಸಿ, ಬೇರೆ ಬಂದರೆ ಒಂದು ಕಳೆಯಿರಿ.

ಯಲಹಂಕದಲ್ಲಿ ಬಿಜೆಪಿ 1. ಕೆ.ಆರ್. ಪುರದಲ್ಲಿ 0. ಬ್ಯಾಟರಾಯನಪುರ, ಯಶವಂತಪುರ ದಾಟಿದಾಗ ಕಾಂಗ್ರೆಸ್ 2. ಜೆಡಿಎಸ್‌ನ ಎರಡು ಸ್ಥಾನ ಅದನ್ನು ಮತ್ತೆ 0ಗೆ ಇಳಿಸುತ್ತವೆ. ಮಲ್ಲೇಶ್ವರದಲ್ಲಿ ಬಿಜೆಪಿ 1. ಇಲ್ಲಿಗೆ ನಿಲ್ಲಿಸಿದರೆ ಚೀಟಿಯಲ್ಲಿ ಉಳಿಯುವುದು ಬಿಜೆಪಿ. ಆದರೆ ಏಳರಲ್ಲಿ ಅದು ಗೆದ್ದದ್ದು ಎರಡೇ, ಕಾಂಗ್ರೆಸ್ ಗೆದ್ದದ್ದು ಮೂರು! ಯಾರಿಗೂ ಬಹುಮತವಿಲ್ಲ, ಅತಿ ಹೆಚ್ಚು ಗೆದ್ದವರ ಹೆಸರೂ ಉಳಿಯಲಿಲ್ಲ.

ವಿಧಾನದಲ್ಲಿ ದೋಷವಿಲ್ಲ, ನಾವು ಅದರಿಂದ ನಿರೀಕ್ಷಿಸುವುದರಲ್ಲಿದೆ. ಪ್ರತಿ ಕಳೆಯುವಿಕೆಯೂ ಬೇರೆ ಬೇರೆ ಹೆಸರಿನ ಎರಡು ಸ್ಥಾನಗಳನ್ನು ಜೋಡಿಯಾಗಿ ಹೊರಗಿಡುತ್ತದೆ. ಒಬ್ಬರಿಗೆ ಅರ್ಧಕ್ಕಿಂತ ಹೆಚ್ಚು ಇದ್ದರೆ, ಮಿಕ್ಕವರೆಲ್ಲ ಸೇರಿದರೂ ಅವರಷ್ಟನ್ನೂ ಜೋಡಿಯಲ್ಲಿ ಮುಗಿಸಲಾರರು. ಹಾಗಾಗಿ ಅವರ ಹೆಸರು ಉಳಿಯಲೇಬೇಕು. ಆದರೆ ಉಳಿದ ಹೆಸರಿಗೆಲ್ಲ ಬಹುಮತ ಇರಬೇಕೆಂದಿಲ್ಲ. ಜೋಡಿ ಸಿಗದೆ ಕೊನೆಯಲ್ಲಿ ಬಂದವರೂ ಉಳಿದುಬಿಡುತ್ತಾರೆ. ಆದ್ದರಿಂದಲೇ ಪಟ್ಟಿಯನ್ನು ಮೊದಲಿಂದ ಓದಿ, ಆ ಒಂದು ಹೆಸರನ್ನು ಮಾತ್ರ ಎಣಿಸಬೇಕು.

ಇನ್ನೆರಡು ಕ್ಷೇತ್ರ ಸೇರಿಸಿ ನೋಡಿ. ಹೆಬ್ಬಾಳ ಕಾಂಗ್ರೆಸ್, ಎಣಿಕೆ 0. ಎಂಟರಲ್ಲಿ ನಾಲ್ಕು, ಸರಿಯಾಗಿ ಅರ್ಧ. ಎಣಿಕೆ ಸೊನ್ನೆಯಲ್ಲಿ ನಿಂತರೆ ಬಹುಮತ ಇಲ್ಲವೆಂದು ಮರುಎಣಿಕೆಯಿಲ್ಲದೆಯೇ ಹೇಳಬಹುದು. ಪುಲಕೇಶಿನಗರವೂ ಕಾಂಗ್ರೆಸ್, ಎಣಿಕೆ 1. ಈಗ ಮರುಎಣಿಕೆ ಒಂಬತ್ತರಲ್ಲಿ ಐದು ಎನ್ನುತ್ತದೆ, ಅದು ನಿಜವಾದ ಬಹುಮತ. ಏಳರಲ್ಲೂ ಒಂಬತ್ತರಲ್ಲೂ ಕೊನೆಗೆ ಚೀಟಿಯಲ್ಲಿದ್ದದ್ದು 1 ಎಂಬುದನ್ನು ಗಮನಿಸಿ. ಆ ಅಂಕಿಯಿಂದ ಸತ್ಯ, ಸುಳ್ಳು ಬೇರ್ಪಡಿಸಲಾಗದು.

```python
c, n = None, 0
for x in a:
    if n == 0: c, n = x, 1
    elif x == c: n += 1
    else: n -= 1
ok = a.count(c) * 2 > len(a)
```

ಕೊನೆಯ ಸಾಲೇ ಮರುಎಣಿಕೆ. ಬಹುಮತ ಇದ್ದೇ ಇದೆ ಎಂದು ಪ್ರಶ್ನೆಯಲ್ಲೇ ಖಾತ್ರಿ ಕೊಟ್ಟಿದ್ದರೆ ಅದನ್ನು ಬಿಡಬಹುದು. ದತ್ತಾಂಶ ಹರಿದು ಹೋಗುತ್ತಾ ಎಲ್ಲೂ ಉಳಿಯದಿದ್ದರೆ ಮರುಓದು ಸಾಧ್ಯವೇ ಇಲ್ಲ. ಆಗ ‘ಬಹುಮತ ಯಾರಿಗಾದರೂ ಇದ್ದರೆ ಇವರಿಗೇ’ ಎಂದಷ್ಟೇ ಹೇಳಬಹುದು.